ಮೊದಲು ತೊಡಕು, ಆಮೇಲೆ ಯಂತ್ರ

2001ರ ಅಕ್ಟೋಬರ್ 23. ಅಮೆರಿಕದ ಕ್ಯುಪರ್ಟಿನೊದಲ್ಲಿ ಆಪಲ್ ಕಂಪನಿಯ ಆವರಣದೊಳಗಿನ ಒಂದು ಚಿಕ್ಕ ಸಭಾಂಗಣ. ಪತ್ರಕರ್ತರಿಗೆ ಹೋಗಿದ್ದ ಆಹ್ವಾನದಲ್ಲಿ ಇದ್ದ ಸುಳಿವು ಇಷ್ಟೇ: ಹೊಸದೇನೋ ಬರುತ್ತಿದೆ, ಅದು ಮ್ಯಾಕ್ ಕಂಪ್ಯೂಟರ್ ಅಲ್ಲ. ವೇದಿಕೆಗೆ ಬಂದ ಸ್ಟೀವ್ ಜಾಬ್ಸ್ ಅವರ ಜೀನ್ಸ್ ಜೇಬಿನಲ್ಲಿ ಐಪಾಡ್ ಆಗಲೇ ಇತ್ತು. ಅದನ್ನು ಹೊರಗೆ ತೆಗೆಯುವ ಮೊದಲು ಅವರು ಪರದೆಯ ಮೇಲೆ ತೋರಿಸಿದ್ದು ಬೇರೆಯವರ ಸರಕಿನ ಲೆಕ್ಕವನ್ನು.

ಹಾಡನ್ನು ಜೊತೆಗೆ ಒಯ್ಯಬೇಕೆನ್ನುವವರಿಗೆ ಆ ಹೊತ್ತಿಗೆ ನಾಲ್ಕು ದಾರಿಗಳಿದ್ದವು. ಸಿಡಿ ಪ್ಲೇಯರ್ ಕೊಂಡರೆ ಸುಮಾರು 75 ಡಾಲರ್, ಒಂದು ಸಿಡಿಯಲ್ಲಿ ಹತ್ತು ಹದಿನೈದು ಹಾಡು. ಚಿಪ್ ಇರುವ ಪುಟ್ಟ ಪ್ಲೇಯರ್ ಕೊಂಡರೆ 150 ಡಾಲರ್, ಅದರಲ್ಲೂ ಹಿಡಿಯುವುದು ಅಷ್ಟೇ ಹಾಡು. ಎಂಪಿ3 ಸಿಡಿ ಪ್ಲೇಯರಿಗೂ 150 ಡಾಲರೇ, ಆದರೆ ಅದರಲ್ಲಿ 150 ಹಾಡು. ಹಾರ್ಡ್ ಡಿಸ್ಕ್ ಇರುವ ಜ್ಯೂಕ್‌ಬಾಕ್ಸ್ ಕೊಂಡರೆ 300 ಡಾಲರ್, ಒಂದು ಸಾವಿರ ಹಾಡು. ಈ ನಾಲ್ಕನ್ನೂ ಅವರು ಒಂದೇ ಕೋಲಿನಲ್ಲಿ ಅಳೆದು ತೋರಿಸಿದರು: ಒಂದು ಹಾಡಿಗೆ ಬೀಳುವ ಖರ್ಚೆಷ್ಟು? ಮೊದಲನೆಯದಕ್ಕೆ ಹತ್ತಿರ ಹತ್ತಿರ ಐದು ಡಾಲರ್, ಎರಡನೆಯದಕ್ಕೆ ಹತ್ತು, ಮೂರನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಮೂವತ್ತು ಸೆಂಟ್.

ಇದಿಷ್ಟರಲ್ಲಿ ಹೊಸ ವಸ್ತುವಿನ ಮಾತೇ ಇಲ್ಲ. ಆದರೂ ಸಭೆಯಲ್ಲಿ ಕೂತವರ ತಲೆಯಲ್ಲಿ ಎರಡು ಸಂಗತಿಗಳು ಆಗಲೇ ಗಟ್ಟಿಯಾಗಿ ಕೂತಿದ್ದವು. ತಾವು ಈಗ ಬಳಸುತ್ತಿರುವುದರಲ್ಲಿ ಹತ್ತು ಹದಿನೈದು ಹಾಡಿಗೇ ತೃಪ್ತಿಪಡಬೇಕು ಎನ್ನುವುದು ಒಂದು. ಸಾವಿರ ಹಾಡು ಬೇಕಾದರೆ ಹಾರ್ಡ್ ಡಿಸ್ಕ್ ಬೇಕು, ಆದರೆ ಅಂಥ ಪೆಟ್ಟಿಗೆಗಳು ಜೇಬಿಗೆ ಹಿಡಿಸುವಂಥವಲ್ಲ ಎನ್ನುವುದು ಇನ್ನೊಂದು. ಪ್ರಯಾಣ ಹೊರಟ ಮೇಲೆ, ಕೇಳಬೇಕೆನಿಸಿದ ಸಿಡಿ ಮನೆಯಲ್ಲೇ ಉಳಿಯಿತಲ್ಲ ಎಂದು ಕೈಹಿಸುಕಿಕೊಂಡ ಅನುಭವವನ್ನೂ ಅವರು ನೆನಪಿಸಿದರು. ನಿಮ್ಮ ಬಳಿ ಇರುವ ಎಲ್ಲ ಹಾಡೂ ನಿಮ್ಮ ಜೇಬಿನಲ್ಲಿ ಎಂಬ ಮಾತು ಅದಕ್ಕೆ ಜೊತೆಯಾಗಿಯೇ ಬಂತು. ಐದು ಗಿಗಾಬೈಟ್ ಎಂಬ ಸಂಖ್ಯೆ ಅಲ್ಲಿ ಇತ್ತು, ಆದರೆ ಜನರ ನೆನಪಿನಲ್ಲಿ ಉಳಿದದ್ದು ಸಾವಿರ ಹಾಡು.

ಆಮೇಲೆ ಅವರು ಹೇಳಿದ ವೇಗದ ಮಾತೂ ಹಳೆಯದರ ತೊಡಕಿಗೆ ಹೋಲಿಸಿಯೇ ಬಂತು. ಸಾವಿರ ಹಾಡು ಸರಿ, ಅಷ್ಟನ್ನೂ ಕಂಪ್ಯೂಟರಿನಿಂದ ತುಂಬಿಸುವುದು ಹೇಗೆ? ಆಗಿನ ಯುಎಸ್‌ಬಿ ತಂತಿಯಲ್ಲಿ ಒಂದು ಸಿಡಿಯ ಹಾಡು ಇಳಿಯಲು ಐದು ನಿಮಿಷ, ಸಾವಿರ ಹಾಡಿಗೆ ಐದು ಗಂಟೆ. ಈ ಕಷ್ಟದ ಎದುರಿಗೇ ಅವರು ಫೈರ್‌ವೈರನ್ನು ಇಟ್ಟು ತೋರಿಸಿದರು, ಹತ್ತು ನಿಮಿಷದಲ್ಲಿ ಸಾವಿರ ಹಾಡು ಎಂಬ ಮಾತಿನೊಂದಿಗೆ. ತಂತಿಯ ಹೆಸರನ್ನಷ್ಟೇ ಹೇಳಿ ಬಿಟ್ಟಿದ್ದರೆ ಅದು ಎಂಜಿನಿಯರುಗಳ ಕಿವಿಗೆ ಮಾತ್ರ ಬಿದ್ದಿರುತ್ತಿತ್ತು. ಐದು ಗಂಟೆ ಕಾಯುವ ಬೇಸರವನ್ನು ಮನಗಾಣಿಸಿದ್ದರಿಂದ, ತಂತಿ ಎಂದರೇನೆಂದು ತಿಳಿಯದವರಿಗೂ ಅದರ ಬೆಲೆ ತಿಳಿಯಿತು. ಇಸ್ಪೀಟು ಕಟ್ಟಿನಷ್ಟೇ ಗಾತ್ರ ಎಂದು ಹೇಳಿ, ಜೇಬಿನಿಂದ ಅದನ್ನು ತೆಗೆದು ತೋರಿಸಿದರು. 399 ಡಾಲರ್ ಎಂಬ ಬೆಲೆಯನ್ನು ಕಡೆಗೆ ಉಳಿಸಿಕೊಂಡಿದ್ದರು.

ಆ ಬೆಲೆಯನ್ನು ಅವರದೇ ಕೋಲಿನಲ್ಲಿ ಅಳೆದರೆ ಒಂದು ಹಾಡಿಗೆ ನಲವತ್ತು ಸೆಂಟ್ ಬೀಳುತ್ತದೆ. ಅಂದರೆ ಪಟ್ಟಿಯಲ್ಲಿದ್ದ ಜ್ಯೂಕ್‌ಬಾಕ್ಸಿಗಿಂತ ಐಪಾಡ್ ದುಬಾರಿಯೇ. ಅವರು ಖರ್ಚಿನ ಕೋಲನ್ನು ಬಳಸಿದ್ದು ಸಿಡಿ ಮತ್ತು ಚಿಪ್ ಪ್ಲೇಯರುಗಳನ್ನು ಬದಿಗೆ ಸರಿಸಲು ಮಾತ್ರ. ಜ್ಯೂಕ್‌ಬಾಕ್ಸಿನ ಎದುರು ಹಿಡಿದದ್ದು ಬೇರೆ ಕೋಲು, ಜೇಬಿಗೆ ಹಿಡಿಸುತ್ತದೆಯೇ ಎಂಬುದು. ಸಮಸ್ಯೆಯನ್ನು ಮೊದಲು ಹೇಳುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಸಮಸ್ಯೆ ಹೇಳುವುದೆಂದರೆ ಕೇಳುವವರ ಕೈಗೆ ಒಂದು ಅಳತೆಗೋಲು ಕೊಡುವುದು. ಅದರಿಂದ ಅವರು ಹಳೆಯದನ್ನು ಅಳೆಯುತ್ತಾರೆ, ಮರುಕ್ಷಣ ನಿಮ್ಮ ವಸ್ತುವನ್ನೂ ಅದರಿಂದಲೇ ಅಳೆಯುತ್ತಾರೆ. ಯಾವ ಕೋಲು ಕೊಡುತ್ತೀರಿ ಎಂಬುದನ್ನು ವೇದಿಕೆ ಹತ್ತುವ ಮೊದಲೇ ತೀರ್ಮಾನಿಸಿರಬೇಕು.

ಕೋಲು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. 2008ರ ಜನವರಿ 10ರಂದು ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ರತನ್ ಟಾಟಾ ನ್ಯಾನೊ ಕಾರನ್ನು ತಾವೇ ಓಡಿಸಿಕೊಂಡು ವೇದಿಕೆಗೆ ತಂದರು. ಆ ದಿನ ಅವರು ಹೇಳಿದ ಸಮಸ್ಯೆ ಯಾವ ಭಾರತೀಯನ ಎದೆಗೂ ನೇರವಾಗಿ ನಾಟುವಂಥದ್ದು. ಸ್ಕೂಟರ್ ಓಡಿಸುತ್ತಿರುವ ತಂದೆ, ಅವನ ಮುಂದೆ ನಿಂತಿರುವ ಮಗು, ಹಿಂದೆ ಹಸುಗೂಸನ್ನು ಎದೆಗವಚಿಕೊಂಡು ಕೂತ ತಾಯಿ. ಇಂಥ ಕುಟುಂಬಕ್ಕೆ ಮಳೆ ಬಿಸಿಲೆನ್ನದೆ ಸುರಕ್ಷಿತವಾಗಿ ಓಡಾಡಲು, ಅವರ ಕೈಗೆ ಎಟುಕುವ ವಾಹನವೊಂದನ್ನು ಮಾಡಲಾಗುವುದಿಲ್ಲವೇ ಎಂಬ ಪ್ರಶ್ನೆಯಿಂದ ಈ ಕಾರು ಹುಟ್ಟಿತು ಎಂದರು. ಬಿಡುಗಡೆಯ ಭಾಷಣಗಳಲ್ಲಿ ಇದಕ್ಕಿಂತ ಚೊಕ್ಕವಾಗಿ ಹೇಳಿದ ಸಮಸ್ಯೆಯನ್ನು ನಾನು ಕಂಡಿಲ್ಲ. ಅದರಲ್ಲಿ ಒಂದೇ ಒಂದು ತಾಂತ್ರಿಕ ಪದವಿಲ್ಲ. ಎಲ್ಲರೂ ರಸ್ತೆಯಲ್ಲಿ ದಿನವೂ ಕಾಣುತ್ತಿದ್ದ, ಕಂಡೂ ಸುಮ್ಮನಿರುತ್ತಿದ್ದ ದೃಶ್ಯವನ್ನೇ ಅವರು ಎತ್ತಿ ತೋರಿಸಿದರು.

ಕಾರಿನ ಗುಣಗಳೂ ಆ ಸಮಸ್ಯೆಗೆ ಹೊಂದುತ್ತಿದ್ದವು. ಎಂಜಿನ್ ಹಿಂದೆ, 623 ಸಿಸಿ. ಉದ್ದ ಮೂರು ಮೀಟರಿಗಿಂತ ತುಸು ಹೆಚ್ಚು. ಮಾರುತಿ 800ಕ್ಕಿಂತ ಹೊರಗೆ ಶೇಕಡಾ 8ರಷ್ಟು ಚಿಕ್ಕದು, ಒಳಗೆ ಶೇಕಡಾ 21ರಷ್ಟು ಹೆಚ್ಚು ಜಾಗ. ಇಕ್ಕಟ್ಟಿನಲ್ಲಿ ಸ್ಕೂಟರ್ ಮೇಲೆ ಕೂರುವ ನಾಲ್ವರಿಗೆ ಬೇಕಾದದ್ದು ಇದೇ ತಾನೇ? ಆದರೆ ಅದೇ ವೇದಿಕೆಯಲ್ಲಿ ಇನ್ನೊಂದು ಮಾತೂ ಬಂತು. ಡೀಲರ್ ಬೆಲೆ ಒಂದು ಲಕ್ಷ ರೂಪಾಯಿ, ತೆರಿಗೆ ಮತ್ತು ಸಾಗಣೆ ಖರ್ಚು ಬೇರೆ. ಕೊಟ್ಟ ಮಾತು ಕೊಟ್ಟ ಮಾತೇ ಎಂದರು ಟಾಟಾ. ಒಂದು ಲಕ್ಷದ ಕಾರು ಎಂಬ ಸುದ್ದಿ ವರ್ಷಗಳಿಂದ ಓಡಾಡುತ್ತಿತ್ತು. ಮರುದಿನ ಜಗತ್ತಿನ ಪತ್ರಿಕೆಗಳೆಲ್ಲ ಹಿಡಿದುಕೊಂಡದ್ದು ಆ ಸಂಖ್ಯೆಯನ್ನೇ, ಜಗತ್ತಿನ ಅತಿ ಅಗ್ಗದ ಕಾರು ಎಂದು. ಸ್ಕೂಟರಿನ ಕುಟುಂಬ ಹಿಂದಕ್ಕೆ ಸರಿಯಿತು.

ಮಳೆಯಲ್ಲಿ ಮಗುವನ್ನು ನೆನೆಯಗೊಡದ ಕಾರು ಎಂಬ ಕೋಲಿನಿಂದ ಅಳೆದರೆ ನ್ಯಾನೊ ಹೆಮ್ಮೆಪಡುವ ವಸ್ತು. ಅತಿ ಅಗ್ಗ ಎಂಬ ಕೋಲಿನಿಂದ ಅಳೆದರೆ, ಮನೆ ಮುಂದೆ ಅದನ್ನು ನಿಲ್ಲಿಸುವುದೇ ಕೆಲವರಿಗೆ ಮುಜುಗರ. ನಮ್ಮಲ್ಲಿ ಕಾರು ಕೊಳ್ಳುವುದು ಮನೆಯ ಏಳಿಗೆಯನ್ನು ನೆಂಟರಿಷ್ಟರಿಗೆ ಹೇಳುವ ಬಗೆಯೂ ಹೌದು. ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ಕೊಂಡೆ ಎಂದು ಹೇಳಿಕೊಳ್ಳಲು ಯಾರಿಗೂ ಮನಸ್ಸಾಗದು. ಅಗ್ಗದ ಕಾರೆಂದು ಬಿಂಬಿಸಿದ್ದು ತಪ್ಪಾಯಿತು ಎಂದು ಟಾಟಾ ಅವರೇ ಮುಂದೆ ಬಹಿರಂಗವಾಗಿ ಹೇಳಿದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಕಾರ್ಖಾನೆ ಸಿಂಗೂರಿನಿಂದ ಸಾಣಂದಕ್ಕೆ ಹೋಗಬೇಕಾಯಿತು, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂತು. ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡಬಲ್ಲ ಸಾಣಂದದ ಕಾರ್ಖಾನೆಗೆ ಅಷ್ಟು ಬೇಡಿಕೆ ಎಂದೂ ಬರಲಿಲ್ಲ. 2018ರ ಹೊತ್ತಿಗೆ ತಯಾರಿಕೆಯೇ ನಿಂತಿತು.

ಆ ದಿನದ ಸಭೆಯ ಬಗ್ಗೆ ನನಗೆ ಮತ್ತೆ ಮತ್ತೆ ಅನ್ನಿಸುವುದು ಇನ್ನೊಂದಿದೆ. ಆಟೋ ಎಕ್ಸ್‌ಪೋಗೆ ಬಂದು ಕೂತವರಲ್ಲಿ ಬಹುಪಾಲು ಪತ್ರಕರ್ತರು ಮತ್ತು ವಾಹನೋದ್ಯಮದವರು. ಅವರಲ್ಲಿ ಹೆಂಡತಿ ಮಕ್ಕಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಬಂದವರು ಎಷ್ಟು ಜನ ಇದ್ದಿರಬಹುದು? ಸಮಸ್ಯೆ ತಮ್ಮದಲ್ಲದವರಿಗೆ ಅದು ಕರುಣೆಯ ಚಿತ್ರವಾಗಿ ಕಾಣುತ್ತದೆ, ತಮ್ಮ ಅಗತ್ಯವಾಗಿ ಕಾಣುವುದಿಲ್ಲ. ಅವರಿಗೆ ಬರೆಯಲು ಸಿಗುವುದು ಬೆಲೆ ಮಾತ್ರ.

ಇದನ್ನೆಲ್ಲ ನಮ್ಮ ಅಂಗಳಕ್ಕೆ ತಂದು ನೋಡೋಣ. ಸಾಗರದ ಕಡೆಯ ಒಬ್ಬ ತರುಣ ಅಡಿಕೆ ಒಣಗಿಸುವ ಡ್ರೈಯರ್ ತಯಾರಿಸಿದ್ದಾನೆ ಎಂದುಕೊಳ್ಳಿ. ಒಂದು ಸಲಕ್ಕೆ ಮೂರು ಕ್ವಿಂಟಲ್ ಬೇಯಿಸಿದ ಅಡಿಕೆ ಹಿಡಿಯುತ್ತದೆ, ಎರಡು ದಿನದಲ್ಲಿ ಒಣಗುತ್ತದೆ, ಒಲೆಗೆ ಸೌದೆ, ಗಾಳಿಗೆ ಫ್ಯಾನು. ಅದರ ಬಿಡುಗಡೆಗೆ ಊರಿನ ಸಭಾಭವನ ಗೊತ್ತುಮಾಡಿದ್ದಾನೆ.

ಇಂಥ ಸಮಾರಂಭಗಳು ನಮ್ಮಲ್ಲಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಮಾತು. ಆ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಆಮೇಲೆ ಬಟ್ಟೆ ಸರಿಸಿ ಯಂತ್ರ ತೋರಿಸುತ್ತಾರೆ, ತಯಾರಿಸಿದವನು ಮೈಕ್ ಹಿಡಿದು ತಗಡಿನ ಗೇಜ್, ಮೋಟರಿನ ಎಚ್‌ಪಿ, ಉಷ್ಣಾಂಶ ಕಾಯುವ ಥರ್ಮೋಸ್ಟ್ಯಾಟ್, ವಾರಂಟಿ ಎಂದು ಓದುತ್ತಾನೆ. ಅವನ ದೃಷ್ಟಿಯಿಂದ ನೋಡಿದರೆ ಇದು ಸಹಜವೇ. ಎರಡು ವರ್ಷ ಅವನು ತಲೆಕೆಡಿಸಿಕೊಂಡದ್ದು ಆ ಗೇಜಿಗೆ, ಆ ಮೋಟರಿಗೆ. ಕೇಳುವ ಬೆಳೆಗಾರನಿಗಾದರೋ ಆ ಸಂಖ್ಯೆಗಳನ್ನು ನೇತುಹಾಕಲು ಮನಸ್ಸಿನಲ್ಲಿ ಒಂದು ಗೂಟವೂ ಇನ್ನೂ ಇಲ್ಲ. ಅವನು ಊಟದ ಹೊತ್ತಿಗೆ ಪಕ್ಕದವನನ್ನು ಕೇಳುವುದು ಒಂದೇ: ಸಬ್ಸಿಡಿ ಉಂಟಾ?

ಹಾಗಾದರೆ ಆ ತರುಣ ಏನು ಹೇಳಬೇಕು? ಎದುರಿಗೆ ಕೂತವರು ಮಳೆಗಾಲ ಕಳೆದ ಮೇಲೆ ಅನುಭವಿಸುವ ಒಂದು ವಾರವನ್ನು ಹೇಳಬೇಕು. ಕೊನೆಗೌಡನಿಗೆ ದಿನ ಗೊತ್ತುಮಾಡಿ ಆಗಿದೆ, ಕೊನೆ ಇಳಿದಿದೆ. ರಾತ್ರಿ ಕೂತು ಸುಲಿದಿದ್ದಾರೆ, ಹಂಡೆಯಲ್ಲಿ ಬೇಯಿಸಿ ಅಂಗಳದ ಅಟ್ಟದ ಮೇಲೆ ಹರವಿದ್ದಾರೆ. ಇನ್ನು ಬೇಕಾದದ್ದು ಐದಾರು ದಿನದ ಗಟ್ಟಿ ಬಿಸಿಲು. ಎರಡನೆಯ ದಿನ ಮಧ್ಯಾಹ್ನ ಮೋಡ ಕಟ್ಟುತ್ತದೆ. ಟಾರ್ಪಾಲು ಮುಚ್ಚುತ್ತಾರೆ, ಮಳೆ ನಿಂತರೆ ತೆಗೆಯುತ್ತಾರೆ, ಮತ್ತೆ ಹನಿ ಬಿದ್ದರೆ ಮುಚ್ಚುತ್ತಾರೆ. ನಾಲ್ಕನೆಯ ದಿನ ಟಾರ್ಪಾಲು ಎತ್ತಿದರೆ ಅಡಿಯಿಂದ ಬೆಚ್ಚಗಿನ ಹಬೆ, ಜೊತೆಗೆ ಒಂದು ಮುಗ್ಗಲು ವಾಸನೆ. ಅಡಿಕೆಯ ಮೇಲೆ ಬೂಸ್ಟಿನ ಬಿಳಿ. ಇಷ್ಟರಲ್ಲಿ ಮುಂದಿನ ಕೊನೆಯೂ ಹಣ್ಣಾಗುತ್ತಿದೆ. ಹರವಲು ಜಾಗವಿಲ್ಲ ಎಂದು ಕೊನೆಗೌಡನಿಗೆ ನಾಳೆ ಬಾ ಎಂದರೆ ಅವನು ಇನ್ನೊಬ್ಬರ ತೋಟಕ್ಕೆ ಹೋಗಿಬಿಡುತ್ತಾನೆ. ಕಡೆಗೆ ಮಂಡಿಯಲ್ಲಿ ವ್ಯಾಪಾರಿ ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಆಮೇಲೆ ಅವನು ಹೇಳುವ ರೇಟು ಎಷ್ಟು ಇಳಿದಿರುತ್ತದೆ ಎಂಬುದನ್ನು ತರುಣ ಹೇಳುವ ಅಗತ್ಯವೇ ಇಲ್ಲ. ಎದುರು ಕೂತ ಪ್ರತಿಯೊಬ್ಬನಿಗೂ ತನ್ನದೇ ಲೆಕ್ಕ ನೆನಪಿರುತ್ತದೆ.

ಇಷ್ಟಕ್ಕೆ ಐದಾರು ನಿಮಿಷ ಸಾಕು. ಆಮೇಲೆ ಈಗಿರುವ ದಾರಿಗಳು. ಟಾರ್ಪಾಲು ಮಳೆ ತಡೆಯುತ್ತದೆ, ಒಣಗಿಸುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯೇರಿಸಿದರೆ ಒಣಗುತ್ತದೆ, ಆದರೆ ಬಣ್ಣ ಕೆಡುತ್ತದೆ, ಹೊಗೆವಾಸನೆ ಹಿಡಿಯುತ್ತದೆ. ಪಾರದರ್ಶಕ ಶೀಟಿನ ಸೋಲಾರ್ ಮನೆ ಒಳ್ಳೆಯದೇ, ಬಿಸಿಲು ಇಣುಕುವ ದಿನಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸತತ ನಾಲ್ಕು ದಿನ ಮೋಡ ಕವಿದರೆ ಅದೂ ಸೋಲುತ್ತದೆ. ಈ ಹಳೆಯ ದಾರಿಗಳ ಬಗ್ಗೆ ಮಾತಾಡುವಾಗ ನ್ಯಾಯವಾಗಿರಬೇಕು. ಸೋಲಾರ್ ಮನೆ ಕಟ್ಟಿಸಿದವರು ಅದೇ ಸಭೆಯಲ್ಲಿ ಕೂತಿರುತ್ತಾರೆ. ಅವರು ಮಾಡಿದ್ದು ದಂಡ ಎಂಬ ಧಾಟಿಯಲ್ಲಿ ಹೇಳಿದರೆ ಅವರು ಅಲ್ಲಿಂದ ಮುಂದೆ ಕೇಳುವುದನ್ನು ನಿಲ್ಲಿಸಿ, ಯಂತ್ರದಲ್ಲಿ ಹುಳುಕು ಹುಡುಕಲು ತೊಡಗುತ್ತಾರೆ.

ಈಗ ಕೋಲು ಸಿದ್ಧವಾಯಿತು: ನಾಲ್ಕು ದಿನ ಮೋಡ ಕವಿದಾಗ ಎಷ್ಟು ಅಡಿಕೆ ಬಣ್ಣಗೆಡದೆ ಉಳಿಯುತ್ತದೆ? ಬಟ್ಟೆ ಸರಿಸಬೇಕಾದದ್ದು ಈ ಕ್ಷಣದಲ್ಲಿ. ಮೊದಲ ಮಾತು ಎಚ್‌ಪಿಯದ್ದಲ್ಲ, ಮೂರು ಕ್ವಿಂಟಲ್, ಎರಡು ದಿನ, ಮಳೆ ಎಷ್ಟೇ ಬರಲಿ ಎಂಬುದು. ಅಲ್ಲಿಂದ ಮುಂದೆ ಥರ್ಮೋಸ್ಟ್ಯಾಟ್ ಎಂದರೆ ಹೆಚ್ಚು ಕಾವು ತಗುಲಿ ಅಡಿಕೆ ಸೀಯದಂತೆ ಕಾಯುವುದು, ದಪ್ಪ ತಗಡು ಎಂದರೆ ಮಲೆನಾಡಿನ ತೇವಕ್ಕೆ ತುಕ್ಕು ತಿಂದು ಬೇಗ ತೂತಾಗದಂತೆ ಹಾಕಿದ್ದು. ಪ್ರತಿ ಗುಣಕ್ಕೂ ಕೇಳುಗನ ಮನಸ್ಸಿನಲ್ಲಿ ಒಂದು ಕಾರಣ ಆಗಲೇ ಕಾದಿರುತ್ತದೆ. ಹಾಗೆ ಕಾರಣ ಕಾದಿರದ ಗುಣವನ್ನು ಹೇಳದೆ ಬಿಟ್ಟು, ಕೈಪತ್ರದಲ್ಲಿ ಅಚ್ಚು ಹಾಕಿಸಿದರೆ ಸಾಕು.

ಮಾತಿಗಿಂತ ಗಟ್ಟಿಯಾದದ್ದು ಎರಡು ತಟ್ಟೆ ಅಡಿಕೆ. ಸಮಾರಂಭಕ್ಕೆ ಒಂದು ವಾರ ಮೊದಲು ಒಂದೇ ತೋಟದ, ಒಂದೇ ದಿನ ಬೇಯಿಸಿದ ಅಡಿಕೆಯನ್ನು ಎರಡು ಪಾಲು ಮಾಡಬೇಕು. ಒಂದು ಪಾಲು ಟಾರ್ಪಾಲಿನಡಿ, ಒಂದು ಪಾಲು ಡ್ರೈಯರಿನಲ್ಲಿ. ಎರಡನ್ನೂ ಮೇಜಿನ ಮೇಲಿಟ್ಟು, ಸಭೆಯಲ್ಲಿರುವ ಹಿರಿಯ ಬೆಳೆಗಾರರೊಬ್ಬರಿಗೆ ಅಡಕತ್ತರಿ ಕೊಟ್ಟು, ನೀವೇ ಕತ್ತರಿಸಿ ನೋಡಿ ರಾಯರೇ ಎನ್ನಬೇಕು. ಯಾವ ತಟ್ಟೆ ಯಾವುದು ಎಂದು ಮೊದಲೇ ಹೇಳಬಾರದು. ಮಂಡಿಯಲ್ಲಿ ಸೋತ ಕೈಯೇ ಇಲ್ಲಿ ತೀರ್ಪು ಕೊಡುತ್ತದೆ. ಇದಕ್ಕಾಗಿಯೇ ಸಮಾರಂಭವನ್ನು ಕೊಯ್ಲು ಮುಗಿದ ಬಿರುಬೇಸಗೆಯಲ್ಲಿ ಇಟ್ಟುಕೊಳ್ಳಬಾರದು. ಆಗ ಅಡಿಕೆಯೂ ಇರುವುದಿಲ್ಲ, ಮೋಡದ ನೆನಪೂ ಮಾಸಿರುತ್ತದೆ. ಕೊಯ್ಲು ಶುರುವಾಗಿ, ಆಕಾಶ ಇನ್ನೂ ನಂಬಿಕೆಗೆ ಬಾರದ ಹೊತ್ತೇ ಸರಿಯಾದದ್ದು.

ತಪ್ಪು ನುಸುಳುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಸಮಸ್ಯೆಯನ್ನು ಹಿಗ್ಗಿಸುವುದು. ಮಳೆಯಿಂದ ಪ್ರತಿ ವರ್ಷ ಅರ್ಧ ಬೆಳೆ ಹಾಳು ಎಂದುಬಿಟ್ಟರೆ, ತನ್ನ ಮನೆಯಲ್ಲಿ ಹಾಗಾಗಿಲ್ಲ ಎಂದು ತಿಳಿದಿರುವ ಬೆಳೆಗಾರ ಮುಂದಿನ ಯಾವ ಮಾತನ್ನೂ ನಂಬುವುದಿಲ್ಲ. ಎರಡನೆಯದು, ಆಸೆಗೆ ಬಿದ್ದು ಒಂದರ ಜೊತೆ ನಾಲ್ಕು ಸಮಸ್ಯೆ ಸೇರಿಸುವುದು. ಆಳು ಸಿಗುವುದಿಲ್ಲ, ಕೊಳೆರೋಗ ಬರುತ್ತದೆ, ರೇಟು ಸ್ಥಿರವಿಲ್ಲ. ಇವೆಲ್ಲ ನಿಜ, ಕೇಳುವವರು ತಲೆದೂಗುತ್ತಾರೆ. ಆದರೆ ಡ್ರೈಯರ್ ಮರ ಹತ್ತುವುದಿಲ್ಲ, ಕೊಳೆಗೆ ಮದ್ದೂ ಹೊಡೆಯುವುದಿಲ್ಲ. ತಾನು ಬಿಡಿಸಲಾಗದ ತೊಡಕನ್ನು ಎತ್ತಿದವನು ಅದೇ ಕೋಲಿನಿಂದ ಸೋಲುತ್ತಾನೆ.

ಸಮಸ್ಯೆ ನಾಟಿತೋ ಇಲ್ಲವೋ ಎಂಬುದು ಬಟ್ಟೆ ಸರಿಸುವ ಮೊದಲೇ ತಿಳಿಯುತ್ತದೆ. ಮಳೆಯ ವಾರದ ಮಾತು ಮುಗಿದಾಗ ತರುಣ ಒಂದೆರಡು ಗಳಿಗೆ ಸುಮ್ಮನಿದ್ದು ನೋಡಲಿ. ಕೂತವರು ಪಕ್ಕದವರಿಗೆ ತಮ್ಮ ಕಥೆ ಹೇಳತೊಡಗಿದರೆ, ಹೋದ ವರ್ಷ ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಹೀಗೇ ಆಯ್ತು ಮಾರಾಯ ಎಂಬ ಮಾತು ಕೇಳಿದರೆ, ಆಗ ಯಂತ್ರ ತೋರಿಸಬಹುದು. ಸಭೆ ಮುಗಿದ ಮೇಲಿನ ಪ್ರಶ್ನೆಗಳೂ ಹಾಗೆಯೇ. ಬರೀ ಬೆಲೆ ಮತ್ತು ಸಬ್ಸಿಡಿಯ ಪ್ರಶ್ನೆಗಳು ಬಂದರೆ ಅವರು ಯಂತ್ರವನ್ನಷ್ಟೇ ನೋಡಿದ್ದಾರೆ ಎಂದರ್ಥ. ನಮ್ಮದು ಒಂದೇ ಎಕರೆ, ಮೂರು ಕ್ವಿಂಟಲ್ ಆಗುವವರೆಗೆ ಕಾಯಬೇಕಾ, ಇಬ್ಬರು ಸೇರಿ ಕೊಳ್ಳಬಹುದಾ ಎಂದು ಕೇಳಿದರೆ ಯಂತ್ರ ಆಗಲೇ ಅವರ ಅಂಗಳದಲ್ಲಿ ನಿಂತಿದೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಮಾತಿನಿಂದ ದಾಟಲಾಗದ ಒಂದು ಗಡಿ ಉಂಟು. ಮೊದಲ ಐಪಾಡ್ ಮ್ಯಾಕ್ ಕಂಪ್ಯೂಟರಿಗೆ ಮಾತ್ರ ಜೋಡಣೆಯಾಗುತ್ತಿತ್ತು, ಜಗತ್ತಿನ ಬಹುಪಾಲು ಜನರ ಮೇಜಿನ ಮೇಲಿದ್ದದ್ದು ವಿಂಡೋಸ್. ಜೇಬಿನಲ್ಲಿ ಸಾವಿರ ಹಾಡು ಎಂಬುದು ಅವರಿಗೂ ಅರ್ಥವಾಗಿತ್ತು, ಬೇಕೂ ಆಗಿತ್ತು, ಆದರೆ ಕೊಂಡು ಮಾಡುವುದೇನು? ವಿಂಡೋಸಿಗೆ ಹೊಂದುವ ಐಪಾಡ್ 2002ರಲ್ಲಿ ಬಂತು, ಐಟ್ಯೂನ್ಸ್ ವಿಂಡೋಸಿಗೆ ಬಂದದ್ದು 2003ರ ಅಕ್ಟೋಬರಿನಲ್ಲಿ. ಮಾರಾಟ ನಿಜವಾಗಿ ಏರಿದ್ದು ಅದರ ನಂತರವೇ. ಸಾಗರದ ತರುಣನಿಗೂ ಇಂಥದೊಂದು ಪ್ರಶ್ನೆ ಕಾದಿರುತ್ತದೆ. ಬಿಡದೆ ಮಳೆ ಹೊಡೆಯುವ ವಾರದಲ್ಲೇ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟ್ ಹೋಗುವುದು. ಹಿಂದಿನ ಸಾಲಿನಿಂದ ಯಾರಾದರೂ ಎದ್ದು, ಫ್ಯಾನು ನಿಂತರೆ ಒಳಗಿನ ಅಡಿಕೆ ಏನಾಗುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಇನ್ವರ್ಟರಿನಲ್ಲಿ ಆ ಫ್ಯಾನು ಎಷ್ಟು ಗಂಟೆ ತಿರುಗುತ್ತದೆ ಎಂಬುದನ್ನು ಅವನು ತನ್ನ ಶೆಡ್ಡಿನಲ್ಲಿ ಓಡಿಸಿ ನೋಡಿ, ಆ ಅಂಕಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಭಾಭವನಕ್ಕೆ ಬರಬೇಕು.